ಲಹರಿ ಇಟ್ಟ ಬೆಳಕು

ಮೃತ್ಯುಂಜಯನಿಗೆ ಏನು ಕೆಲಸ ಅಂತ ಅವನ ನೆಂಟರಿಷ್ಟರಲ್ಲಿ ಒಬ್ಬರಿಗೂ ಇವತ್ತಿನವರೆಗೆ ನೆಟ್ಟಗೆ ಗೊತ್ತಿಲ್ಲ. ಮದುವೆಮನೆ ಪಂಕ್ತಿಯಲ್ಲಿ ಯಾರಾದರೂ ಕೇಳಿದರೆ ಅವನು "ಕಂಪೋಸಿಟಿಂಗ್" ಅನ್ನುತ್ತಾನೆ. ಕೇಳಿದವರು "ಓಹೋ, ಪ್ರೆಸ್ಸಿನಲ್ಲಾ?" ಅಂತ ಎಲೆಯ ಮೇಲಿನ ಹೋಳಿಗೆ ಕಡೆ ತಿರುಗುತ್ತಾರೆ. ಅವನೂ ತಿದ್ದಲು ಹೋಗುವುದಿಲ್ಲ. ಚಾಮರಾಜಪುರಂನ ಹಳೇ ಮನೆಯಿಂದ ಬೆಳಿಗ್ಗೆ ಡಬ್ಬಿ ಹಿಡಿದು ಸ್ಕೂಟರಲ್ಲಿ ಹೊರಡುವುದು, ಜಯಲಕ್ಷ್ಮಿಪುರಂನಲ್ಲಿ ಒಂದು ಮನೆಯ ಮಹಡಿ ಮೇಲಿರುವ ಅನಿಮೇಶನ್ ಸ್ಟುಡಿಯೋದಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುವುದು, ಸಾಯಂಕಾಲ ವಾಪಸ್ಸು. ಇಪ್ಪತ್ತು ವರ್ಷದಿಂದ ಇದೇ ಆಗಿದೆ. ಹೆಂಡತಿ ಮಧುಶ್ರೀ ಮಾತ್ರ ಯಾರಾದರೂ ಕೇಳಿದರೆ, "ಇವರು ಬೇರೆಯವರು ಮಾಡಿದ ಚಿತ್ರಕ್ಕೆ ಒಗ್ಗರಣೆ ಹಾಕ್ತಾರೆ ಕಣ್ರೀ" ಅನ್ನುತ್ತಾಳೆ. ಅಲ್ಲಗಳೆಯುವ ಹಾಗಿಲ್ಲ, ಹೆಚ್ಚೂಕಮ್ಮಿ ಅದೇ.

ಸ್ವಲ್ಪ ಬಿಡಿಸಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಸಿಗುವುದಿಲ್ಲ. ಕಂಪ್ಯೂಟರಿನೊಳಗೆ ಒಬ್ಬರು ಪಾತ್ರೆ, ಗೋಡೆ, ಮನುಷ್ಯರನ್ನು ಗೊಂಬೆಗಳ ಹಾಗೆ ಕಟ್ಟುತ್ತಾರೆ. ಇನ್ನೊಬ್ಬರು ಅವಕ್ಕೆ ದೀಪ, ಬಿಸಿಲು, ಬೆಂಕಿ ಎಲ್ಲಾ ಇಟ್ಟು ಬೆಳಕು ಕೂರಿಸುತ್ತಾರೆ. ಆಮೇಲೆ ಕಂಪ್ಯೂಟರು ಒಂದೊಂದೇ ಫ್ರೇಮಾಗಿ ಚಿತ್ರವನ್ನು ಬೇಯಿಸಿ ಇಳಿಸುತ್ತದೆ, ಅದಕ್ಕೆ ರೆಂಡರ್ ಅಂತ ಹೆಸರು. ನಲವತ್ತು ಸೆಕೆಂಡಿನ ಚಿತ್ರಕ್ಕೆ ದಿನಗಟ್ಟಲೆ ಬೇಯುತ್ತದೆ. ಬೆಂದು ಬಂದಮೇಲೆ "ಈ ಚೊಂಬು ಸ್ವಲ್ಪ ಮಂಕಾಗಲಿ" ಅಂತ ಯಾರೋ ಅಂದರೆ ಪೂರಾ ಮತ್ತೆ ಬೇಯಿಸಬೇಕೇ? ಬೇಡ. ಬುದ್ಧಿಯಿರುವ ಬೆಳಕಿನವರು ರೆಂಡರ್ ಮಾಡುವಾಗಲೇ ಚಿತ್ರವನ್ನು ಬಿಡಿಬಿಡಿಯಾಗಿಯೂ ಇಳಿಸಿಕೊಟ್ಟಿರುತ್ತಾರೆ. ಹೊಳಪಿನದೊಂದು, ಬಿಸಿಲಿನದೊಂದು, ಬೆಂಕಿಯದೊಂದು. ಒಂದೊಂದಕ್ಕೂ ಪಾಸ್ ಅಂತಾರೆ. ಬೆಳಕಿನ ಪಾಸ್‌ಗಳನ್ನೆಲ್ಲಾ ಕೂಡಿಸಿದರೆ ಪೂರ್ತಿ ಚಿತ್ರ. ಒಂದನ್ನು ಕಡಿಮೆ ಮಾಡಿದರೆ ಅಷ್ಟು ಬೆಳಕು ಮಾತ್ರ ಇಳಿಯುತ್ತದೆ. ಇದರ ಜೊತೆಗೆ ಕ್ರಿಪ್ಟೋಮ್ಯಾಟ್ ಅಂತ ಇನ್ನೊಂದಿದೆ. ತೆರೆದರೆ ಚಿತ್ರ ಕೌದಿ ಹಾಗೆ ಕಾಣುತ್ತದೆ, ಪ್ರತಿ ವಸ್ತುವಿಗೂ ಒಂದು ಬಣ್ಣದ ತುಂಡು. ಚೊಂಬಿನ ತುಂಡಿನ ಮೇಲೆ ಒತ್ತಿದರೆ ಚೊಂಬೊಂದೇ, ಅಂಚು ಹರಿಯದೆ, ಪ್ರತಿ ಫ್ರೇಮಿನಲ್ಲೂ ಬೇರೆಯಾಗಿ ಕೈಗೆ ಸಿಗುತ್ತದೆ. ಅದರ ಬಣ್ಣ ನೀವು ಬದಲಾಯಿಸಿಕೊಳ್ಳಿ, ಪಕ್ಕದ ಸೌಟಿಗೆ ಸುದ್ದಿಯೂ ತಿಳಿಯುವುದಿಲ್ಲ. ಮೃತ್ಯುಂಜಯನ ಒಗ್ಗರಣೆ ಅಂದರೆ ಇದು.

ಬುದ್ಧಿಯಿರುವ ಬೆಳಕಿನವರು ಅಂದೆನಲ್ಲ, ಅಂಥವರು ಅಪರೂಪ. ಲಹರಿ ಅಂಥವಳು.

ಟಿ. ನರಸೀಪುರದ ಕಡೆಯ ಹಳ್ಳಿಯ ಹುಡುಗಿ. ಅಪ್ಪ ಇಲ್ಲ. ತಾಯಿ ಪುಟ್ಟಲಿಂಗಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ಹುಡುಗಿ ಮೈಸೂರಿನಲ್ಲಿ ಹಾಸ್ಟೆಲ್ಲು ಸೇರಿ, ಚಿತ್ರಕಲೆ ಓದಿ, ಈ ಸ್ಟುಡಿಯೋದಲ್ಲಿ ಬೆಳಕಿನ ಕೆಲಸ ಹಿಡಿದಿದ್ದಳು. ಮೃತ್ಯುಂಜಯನನ್ನು ಎಲ್ಲರೂ ಸರ್ ಅಂದರೆ ಇವಳು ಬಂದ ವಾರಕ್ಕೇ "ಜಯಣ್ಣ" ಮಾಡಿಬಿಟ್ಟಳು. ಮಧ್ಯಾಹ್ನ ಅವನ ಡಬ್ಬಿಯ ಪಲ್ಯಕ್ಕೆ ಕೈಹಾಕುವ ಹಕ್ಕೂ ಅವಳಿಗಿತ್ತು. "ಅತ್ತಿಗೆ ಕೈಯಲ್ಲಿ ಉಪ್ಪು ಹೆಚ್ಚು ಕಣಣ್ಣ" ಅಂತ ಮೂಗು ಮುರಿಯುತ್ತಾ ಅರ್ಧ ಪಲ್ಯ ಖಾಲಿ ಮಾಡುತ್ತಿದ್ದಳು. ಮಕ್ಕಳಿಲ್ಲದ ಮೃತ್ಯುಂಜಯನಿಗೆ ಆ ಹುಡುಗಿಯ ಮೇಲೆ ಎಷ್ಟು ಜೀವ ಇತ್ತು ಅನ್ನೋದು ಅವನಿಗೇ ಆಗ ಗೊತ್ತಿರಲಿಲ್ಲ. ಮನುಷ್ಯನ ಹಣೆಬರಹವೇ ಇಷ್ಟು, ಇದ್ದಾಗ ಅಳತೆ ತಿಳಿಯುವುದಿಲ್ಲ.

ಕಡಕೊಳದಲ್ಲಿರುವ ಒಂದು ಸಾಂಬಾರು ಪುಡಿ ಕಂಪನಿಯ ಜಾಹೀರಾತು ಬಂತು. ಅದರಲ್ಲಿ ಮುಖ್ಯವಾದ ಶಾಟ್ ಒಂದು ಹಳೇ ಅಡುಗೆಮನೆ. ಸೌದೆ ಒಲೆ ಮುಂದೆ ಒಬ್ಬ ಹೆಂಗಸು ಕೂತು ಹುಳಿ ತಿರುವುತ್ತಾಳೆ, ಪಕ್ಕದಲ್ಲಿ ಹಿತ್ತಾಳೆ ಬಿಂದಿಗೆ, ಸೂರಿನಲ್ಲಿ ಒಂದು ಬೆಳಕಿಂಡಿ. ಅದಕ್ಕೆ ಬೆಳಕು ಇಟ್ಟವಳು ಲಹರಿ. ಬೆಳಕಿಂಡಿಯಿಂದ ಒಂದು ಅಂಗೈಯಷ್ಟು ಬಿಸಿಲು, ಉಳಿದದ್ದೆಲ್ಲಾ ಮಸಿ ಹಿಡಿದ ಕತ್ತಲೆ. ಆ ಕತ್ತಲೆಯಲ್ಲಿ ಹೆಂಗಸಿನ ಮುಖ, ಕೈ, ಎದೆಯ ಮೇಲಿನ ಕೆಂಪು ಸೆರಗು ಮಾತ್ರ ಒಲೆಯ ಬೆಳಕಿಗೆ ಬೆಚ್ಚಗೆ ಕಾಣಬೇಕು.

ಅದನ್ನು ನೋಡಿದ ಕೂಡಲೇ ಮೃತ್ಯುಂಜಯ ಕಳ್ಳತನ ಹಿಡಿದ. "ಏನಮ್ಮ, ಒಲೆ ಬೆಂಕಿ ಅಷ್ಟು ಮೇಲಕ್ಕೆ ಬರುತ್ತೇನಮ್ಮ? ಬೇರೆ ದೀಪ ಇಟ್ಟಿದ್ದೀಯ ನೀನು."

"ಹೂಂ, ಇಟ್ಟಿದ್ದೀನಿ. ಆಯಮ್ಮನ ಮೇಲೆ ಮಾತ್ರ ಬೀಳೋ ಹಾಗೆ. ಗೋಡೆಗೂ ಇಲ್ಲ, ನೆಲಕ್ಕೂ ಇಲ್ಲ."

"ಮೋಸ ಇದು."

"ಮೋಸನೇ. ಇರ್ಲಿ ಬುಡಣ್ಣ, ನಿನಗೇನು ಕಷ್ಟ? ಅದಕ್ಕೂ ಬೇರೆ ಪಾಸ್ ಕೊಟ್ಟಿದ್ದೀನಲ್ಲ," ಅಂದಳು.

ಕೊಟ್ಟಿದ್ದಳು. ಬಿಸಿಲು, ಒಲೆ, ಈ ಕಳ್ಳದೀಪ, ಒಂದೊಂದೂ ಬೇರೆ ಬೇರೆ. ಕ್ರಿಪ್ಟೋಮ್ಯಾಟೂ ಸರಿಯಾಗಿ ಇಳಿಸಿದ್ದಳು. ರೆಂಡರ್ ಮುಗಿದು ಕಡತಗಳು ಮೃತ್ಯುಂಜಯನ ಕಡೆ ಬಂದ ವಾರ ಅವಳಿಗೆ ಜ್ವರ ಬಂತು. ಡೆಂಗಿ ಅಂದರು. ಆಸ್ಪತ್ರೆಗೆ ಸೇರಿಸಿದರು, ರಕ್ತ ಕೊಟ್ಟರು. "ಬಂದ್ಬುಡ್ತೀನಿ ಅಣ್ಣ, ಪಲ್ಯ ಇಟ್ಟಿರು" ಅಂತ ಫೋನಿನಲ್ಲಿ ಅಂದಿದ್ದ ಹುಡುಗಿ ಬರಲಿಲ್ಲ. ಇಪ್ಪತ್ತಾರು ವರ್ಷ. ಮೃತ್ಯುಂಜಯ ಊರಿಗೆ ಹೋಗಿ ಮಣ್ಣಿಗೆ ನಿಂತು ಬಂದ. ಪುಟ್ಟಲಿಂಗಮ್ಮನವರ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ, ದೂರದಿಂದಲೇ ಕೈಮುಗಿದು ಬಸ್ಸು ಹತ್ತಿದ.

ಹದಿನೈದು ದಿನ ಕಳೆದು ಪುಡಿ ಕಂಪನಿಯ ಸಂಜಯ್ ಬಂದ. ಕಂಪನಿಯ ಪ್ರಚಾರ ನೋಡಿಕೊಳ್ಳುವವನು, ಕೆಟ್ಟವನಲ್ಲ, ತನ್ನ ಪುಡಿ ಮಾರಬೇಕು ಅಷ್ಟೇ. ಶಾಟ್ ನೋಡಿ, "ತುಂಬಾ ಡಲ್ ಇದೆ ಸರ್. ನಮ್ಮ ಪ್ಯಾಕೆಟ್ ಹಸಿರು, ಈಕೆ ಸೀರೆ ಕೆಂಪು. ಗೋಡೆ ನೋಡಿದ್ರೆ ಸ್ಮಶಾನ ಇದ್ದಂಗಿದೆ" ಅಂದ.

ಸ್ಟುಡಿಯೋ ಯಜಮಾನ ರುದ್ರಸ್ವಾಮಿ ತಕ್ಷಣ ತಲೆಯಾಡಿಸಿದ. "ಆಯ್ತು, ಸಾಗರ್ ಕೈಲಿ ಹೊಸದಾಗಿ ಲೈಟ್ ಮಾಡಿಸಿ ಮತ್ತೆ ರೆಂಡರ್‌ಗೆ ಹಾಕ್ತೀವಿ." ಸಾಗರ್ ಅಂದರೆ ಲಹರಿಯ ಕುರ್ಚಿಗೆ ಹೊಸದಾಗಿ ಬಂದ ಹುಡುಗ.

ಹೊಸದಾಗಿ ಲೈಟ್ ಅಂದರೆ ಲಹರಿಯ ದೀಪಗಳನ್ನೆಲ್ಲಾ ಕಿತ್ತುಹಾಕುವುದು. ಅವಳು ಮಾಡಿದ ಕಡೇ ಕೆಲಸ ಅದು. ಸಾಮಾನ್ಯವಾಗಿ ಯಜಮಾನನ ಎದುರು ಬಾಯಿ ಬಿಡದ ಮೃತ್ಯುಂಜಯ ಎದ್ದು ನಿಂತು, "ಮತ್ತೆ ರೆಂಡರ್ ಯಾಕ್ರೀ? ಎಲ್ಲಾ ಪಾಸೂ ಇದೆ, ಕ್ರಿಪ್ಟೋ ಇದೆ. ಸೀರೆ ತಾನೇ? ಗೋಡೆ ತಾನೇ? ನಾನು ಇಲ್ಲೇ ಮಾಡಿಕೊಡ್ತೀನಿ. ಆ ಹುಡುಗಿ ಕೆಲಸ ಮುಟ್ಟಬೇಡಿ" ಅಂದ. ರುದ್ರಸ್ವಾಮಿಗೂ ಅರ್ಥವಾಯಿತು, ರೆಂಡರಿನ ದಿನಗಳೂ ಉಳಿದವು. "ಹಂಗೇ ಆಗ್ಲಿ ಜಯ, ನಿನ್ನಿಷ್ಟ" ಅಂದ.

ಆವತ್ತು ಮೃತ್ಯುಂಜಯ ಮನೆಗೆ ಹೋಗಿ ಮಧುಶ್ರೀ ಹತ್ತಿರ, "ಉಳಿಸಿಬಿಟ್ಟೆ ಕಣೇ" ಅಂದ. ಪಾಪ, ಹಾಗೇ ನಂಬಿದ್ದ.

ಮೊದಲು ಸೀರೆ. ಕ್ರಿಪ್ಟೋಮ್ಯಾಟಿನಲ್ಲಿ ಸೀರೆಯ ತುಂಡು ಒತ್ತಿದ, ಸೀರೆ ಬೇರೆಯಾಗಿ ಬಂತು, ಕೆಂಪನ್ನು ಹಸಿರಿಗೆ ತಿರುಗಿಸಿದ. ಒಂದು ಲೋಟ ಕಾಫಿ ಆರುವುದರೊಳಗೆ ಆಯಿತು. ಸಂಜಯ್‌ಗೆ ಕಳಿಸಿದ. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಪೈಕಿ. "ಸರ್, ಬಿಂದಿಗೆಯಲ್ಲಿ ಇನ್ನೂ ಕೆಂಪು ಸೀರೆ ಕಾಣ್ತಿದೆ" ಅಂತ ಮರುದಿನ ಫೋನ್ ಮಾಡಿದ.

ನಿಜ. ಮೃತ್ಯುಂಜಯನ ಕಸುಬಿನಲ್ಲಿ ಕಲಿಯುವ ಹುಡುಗರು ಮಾಡುವ ತಪ್ಪು ಅದು. ಹೀಗೆ ಬೇರೆಯಾಗಿ ಹಿಡಿದ ತುಂಡಿಗೆ ಮಾಸ್ಕ್ ಅಂತಾರೆ, ಅದು ಸೀರೆಯನ್ನು ಮಾತ್ರ ಹಿಡಿಯುತ್ತದೆ. ಬಿಂದಿಗೆಯ ಹೊಟ್ಟೆಯಲ್ಲಿ ಕಾಣುವ ಸೀರೆಯ ಬಿಂಬ ಲೆಕ್ಕಕ್ಕೆ ಬಿಂದಿಗೆಯದೇ, ಸೀರೆಯದಲ್ಲ. ಸೀರೆ ಬದಲಾದರೂ ಹಿತ್ತಾಳೆಯಲ್ಲಿ ಹಳೆಯ ಸೀರೆ ಹಾಗೇ ಕೂತಿರುತ್ತದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಇದು ತಿಳಿಯದೇ? ತಿಳಿದೇ ಬಿಟ್ಟಿದ್ದ. ಯಾರೂ ನೋಡಲಿಕ್ಕಿಲ್ಲ, ಅವಳ ಕೆಂಪು ಅಷ್ಟಾದರೂ ಇರಲಿ ಅಂತ. ಈಗ ಬಿಂದಿಗೆಯ ಮಾಸ್ಕ್ ತೆಗೆದು, ಹೊಳಪಿನ ಪಾಸ್‌ನಲ್ಲಿ ಆ ಕೆಂಪನ್ನೂ ಹಸಿರು ಮಾಡಿದ.

ಆಮೇಲೆ ಗೋಡೆ. ಮಸಿ ತೆಳುವಾಗಲಿ ಅಂದ ಸಂಜಯ್. ಗೋಡೆಯ ಮಾಸ್ಕ್ ತೆಗೆದು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿದ. ಬಿಸಿಲು ಹೆಚ್ಚಾಗಲಿ ಅಂದ. ಬಿಸಿಲಿನ ಪಾಸ್ ಹೆಚ್ಚಿಸಿದ. ನೆಲ ಕೆಂಪಾಗಲಿ, ಬಿಂದಿಗೆ ಹೊಸದರ ಹಾಗೆ ಥಳಥಳಿಸಲಿ, ಸೌದೆಯ ಬೂದಿ ಕಾಣದಿರಲಿ. ಒಂದೊಂದೂ ಸಣ್ಣ ಮಾತು, ಒಂದೊಂದಕ್ಕೂ ಬೇಡ ಅನ್ನಲು ಕಾರಣವೇ ಇಲ್ಲ. ಅವಳೇ ಎಲ್ಲಾ ಬಿಡಿಬಿಡಿಯಾಗಿ ಇಟ್ಟುಹೋಗಿದ್ದಾಳೆ, ಕೈಯಿಟ್ಟರೆ ಸಿಗುತ್ತದೆ. ಮತ್ತೆ ರೆಂಡರ್ ಮಾಡಿದ್ದರೆ ಅವಳ ಕೆಲಸ ಒಂದೇ ಏಟಿಗೆ ಹೋಗುತ್ತಿತ್ತು. ಈಗ ಅವನ ಕೈಯಿಂದಲೇ ಒಂದೊಂದು ವಸ್ತುವಾಗಿ ಹೋಗುತ್ತಿತ್ತು.

ಮುಖದ ಮಾತು ಕೊನೆಗೆ ಬಂತು. "ಎಲ್ಲಾ ಫ್ರೆಶ್ ಆಗಿದೆ ಸರ್, ಈಕೆ ಮುಖದ ಮೇಲೆ ಮಾತ್ರ ಆ ಕಿತ್ತಳೆ ಬೆಳಕು ಯಾಕೋ ಜ್ವರ ಬಂದೋರ ಹಾಗೆ ಕಾಣುತ್ತೆ" ಅಂದ ಸಂಜಯ್. ಅವನಿಗೇನು ಗೊತ್ತು? ಜ್ವರ ಅನ್ನುವ ಮಾತು ಕೇಳಿದ ಮೃತ್ಯುಂಜಯ, "ಅದೊಂದು ಇರಲಿ ಸರ್" ಅಂತ ಕೇಳಿಕೊಂಡ. ಸಂಜಯ್ ತಮ್ಮ ಸಾಹೇಬರನ್ನು ಕೇಳಿ ಹೇಳುತ್ತೇನೆ ಅಂದ. ಸಾಹೇಬರು ಬೇಡ ಅಂದರು. ಮೃತ್ಯುಂಜಯ ಆ ಕಳ್ಳದೀಪದ ಪಾಸನ್ನು ಅರ್ಧಕ್ಕೆ ಇಳಿಸಿದ. ಇನ್ನೂ ಬೇಡ ಅಂದರು. ಕಾಲು ಮಾಡಿದ. ಕೊನೆಗೆ ಸೊನ್ನೆ. ಕಪ್ಪಾದ ಮುಖಕ್ಕೆ ಮಾಸ್ಕ್ ಹಾಕಿ ಬಿಸಿಲಿನ ಪಾಸಿನಿಂದ ಸ್ವಲ್ಪ ಬೆಳ್ಳನೆ ಬೆಳಕು ಎರಚಿದ. ಒಪ್ಪಿಗೆ ಬಂತು. ರುದ್ರಸ್ವಾಮಿ ಎಲ್ಲರಿಗೂ ಮೈಸೂರು ಪಾಕ್ ತರಿಸಿದ. ಮೃತ್ಯುಂಜಯ ತನ್ನ ಪಾಲನ್ನು ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಹೋದ, ಅಲ್ಲಿ ಮರೆತ.

ಜಾಹೀರಾತು ಟಿವಿಯಲ್ಲಿ ಬರತೊಡಗಿ ಸ್ವಲ್ಪ ದಿನಕ್ಕೆ, ಲಹರಿಯ ಬಟ್ಟೆಬರೆ, ಬ್ಯಾಗು ತೆಗೆದುಕೊಂಡು ಹೋಗಲು ಪುಟ್ಟಲಿಂಗಮ್ಮ ಮೈಸೂರಿಗೆ ಬಂದರು. ಹಾಸ್ಟೆಲ್ ಮುಗಿಸಿಕೊಂಡು ಮಧ್ಯಾಹ್ನ ಸ್ಟುಡಿಯೋಗೂ ಬಂದರು. ಅವಳ ಮೇಜಿನ ಡ್ರಾಯರಿನಲ್ಲಿದ್ದ ಬಾಚಣಿಗೆ, ನೀರಿನ ಬಾಟಲಿ ಎಲ್ಲಾ ಬ್ಯಾಗಿಗೆ ಹಾಕಿಕೊಂಡರು. ರುದ್ರಸ್ವಾಮಿ ಕೂರಿಸಿ ಕಾಫಿ ಕೊಟ್ಟು, ಗೋಡೆಯ ಟಿವಿಯಲ್ಲಿ ಜಾಹೀರಾತು ಹಾಕಿಸಿದ. ಹಸಿರು ಸೀರೆಯ ಹೆಂಗಸು ಬೆಳ್ಳನೆ ಅಡುಗೆಮನೆಯಲ್ಲಿ ಹುಳಿ ತಿರುವಿದಳು.

ಪುಟ್ಟಲಿಂಗಮ್ಮ ನೋಡಿದರು. "ಚೆನ್ನಾಗದೆ," ಅಂದರು. ಆಮೇಲೆ ಸುತ್ತ ನೋಡಿ, "ಇದ್ರಲ್ಲಿ ನನ್ ಮಗ್ಳು ಮಾಡಿದ್ದು ಯಾವುದು?" ಅಂತ ಕೇಳಿದರು.

"ಎಲ್ಲಾ ಅವಳದೇ ಅಮ್ಮ" ಅಂತ ರುದ್ರಸ್ವಾಮಿ ಅಂದ. ಒಳ್ಳೇ ಮನಸ್ಸಿನಿಂದಲೇ ಅಂದ. ಮೃತ್ಯುಂಜಯನಿಗೆ ತಡೆಯಲಾಗಲಿಲ್ಲ. "ಬನ್ನಿ ಅಮ್ಮ, ತೋರಿಸ್ತೀನಿ" ಅಂತ ತನ್ನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದ.

ಅವನ ಕಸುಬಿನಲ್ಲಿ ಒಂದು ಪುಣ್ಯವಿದೆ. ಎಷ್ಟೇ ಬದಲಾಯಿಸಿದರೂ ಮೂಲದ ರೆಂಡರ್ ಅಡಿಯಲ್ಲಿ ಹಾಗೇ ಇರುತ್ತದೆ. ಬದಲಾವಣೆಗಳು ಅದರ ಮೇಲೆ ಸಾಲಾಗಿ ಕೂತಿರುತ್ತವೆ, ಒಂದೊಂದನ್ನೇ ಆರಿಸಬಹುದು. ಮೃತ್ಯುಂಜಯ ಆರಿಸುತ್ತಾ ಬಂದ. ಸೀರೆ ಕೆಂಪಾಯಿತು. ಬಿಂದಿಗೆ ಹಳೆಯದಾಯಿತು, ಅದರ ಹೊಟ್ಟೆಯಲ್ಲಿ ಕೆಂಪು ಮೂಡಿತು. ಬಿಸಿಲು ಅಂಗೈಯಷ್ಟಕ್ಕೆ ಇಳಿಯಿತು. ಗೋಡೆಗೆ ಮಸಿ ವಾಪಸ್ಸು ಬಂತು, ಮೂಲೆಗಳು ಕತ್ತಲಾದವು. ಲಹರಿಯ ಶಾಟ್ ಪರದೆಯ ಮೇಲೆ ನಿಂತಿತು. ಅವನು ಸಮಾಧಾನದಿಂದ ಪುಟ್ಟಲಿಂಗಮ್ಮನವರ ಕಡೆ ತಿರುಗಿದ.

ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

"ಇದು ನಮ್ಮನೆ ಅಡ್ಗೆಮನೆ ಕಣಪ್ಪ. ಆ ಕಿಂಡಿ, ಆ ಮಸಿ, ಎಲ್ಲಾ ನಮ್ಮನೇದೇ. ಬುಡ್ಡಿ ದೀಪ ಇಟ್ಕೊಂಡು ಅಲ್ಲೇ ಓದಿದ್ಲು." ಕಣ್ಣೊರೆಸಿಕೊಂಡರು. "ಕೂಸು ಇಷ್ಟು ದೂರ ಬಂದು, ಓದಿ, ಕೊನೆಗೂ ಈ ಕತ್ಲೆನೇ ನೆನಪಿಟ್ಕಂಡ್ಲಾ? ನಾನವ್ಳಿಗೆ ಕೊಟ್ಟಿದ್ದು ಈ ಕತ್ಲೆ ಒಂದೇನಾ? ಬ್ಯಾಡ ಕಣಪ್ಪ, ಆ ಬೆಳ್ಳಗಿರೋದೇ ಇರ್ಲಿ. ಅದೇ ಚೆನ್ನಾಗಿತ್ತು."

ಮೃತ್ಯುಂಜಯನಿಗೆ, ಇಷ್ಟು ದಿನ ಉಳಿಸಬೇಕು ಅಂತ ಒದ್ದಾಡಿದ್ದು ಈ ತಾಯಿಯ ಕರುಳು ಸುಡುವುದಕ್ಕಾ ಅನ್ನಿಸಿತು. ಹಾಗಲ್ಲಮ್ಮ ಅನ್ನಬೇಕು, ಹೇಗೆ ಹಾಗಲ್ಲ ಅಂತ ಬಾಯಲ್ಲಿ ಹೇಳಲು ಅವನಿಗೆ ಬರುವುದಿಲ್ಲ. ಮದುವೆಮನೆಯಲ್ಲಿ ತನ್ನ ಕೆಲಸವನ್ನೇ ಹೇಳಲಾರದವನು. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಬಿಸಿಲಿನ ಪಾಸ್ ಆರಿಸಿದ. ಬೆಳಕಿಂಡಿ ಹೋಯಿತು. ಒಲೆಯ ಪಾಸ್ ಆರಿಸಿದ. ಬೆಂಕಿ, ಗೋಡೆ, ನೆಲ, ಎಲ್ಲಾ ಕಪ್ಪಾಗಿ ಅಳಿಸಿಹೋಯಿತು. ಉಳಿದದ್ದು ಆ ಕಳ್ಳದೀಪದ ಪಾಸ್ ಒಂದೇ.

ಕಗ್ಗತ್ತಲೆಯ ನಡುವೆ ಹೆಂಗಸೊಬ್ಬಳೇ ಕೂತಿದ್ದಳು. ಹಣೆ, ಕೆನ್ನೆ, ಸೌಟು ಹಿಡಿದ ಕೈ, ಕೆಂಪು ಸೆರಗಿನ ಮಡಿಕೆ, ಎಲ್ಲದರ ಮೇಲೂ ಬೆಚ್ಚನೆಯ ಬೆಳಕು. ಅವಳಿಂದ ಚೂರು ಹಾರಿದ ಬೆಳಕು ಪಕ್ಕದ ಬಿಂದಿಗೆಯ ಅಂಚಿಗೆ ತಗುಲಿತ್ತು. ಬೇರೆ ಏನೂ ಇಲ್ಲ.

"ಕತ್ತಲೆ ಮನೇದಮ್ಮ," ಅಂದ ಮೃತ್ಯುಂಜಯ. "ಮನೆಯಲ್ಲಿ ಇದ್ದದ್ದನ್ನ ಹಾಗೇ ಇಟ್ಲು. ಆದ್ರೆ ಈ ಬೆಳಕು ಒಲೇದಲ್ಲ, ಸೂರ್ಯಂದಲ್ಲ. ಇದನ್ನ ಅವಳೇ ಬೇರೆಯಾಗಿ ಇಟ್ಟಿದ್ದು. ಈಕೆ ಒಬ್ಬರ ಮೇಲೆ ಮಾತ್ರ ಬೀಳೋ ಹಾಗೆ. ಅಲ್ಲಿರೋ ಯಾವ ವಸ್ತುವಿಗೂ ಇದು ಸೇರಿಲ್ಲ. ಯಾಕೆ ಇಟ್ಟೆ ಅಂತ ನಾನು ಕೇಳಲಿಲ್ಲ, ಮೋಸ ಅಂತ ಬೈದೆ. ಈಗ ನೀವು ನಿಮ್ಮನೆ ಅಂದಮೇಲೆ ಗೊತ್ತಾಯ್ತು, ಈಕೆ ಯಾರು ಅಂತ."

ಪುಟ್ಟಲಿಂಗಮ್ಮ ಪರದೆಯ ಹತ್ತಿರ ಬಾಗಿದರು. ಆ ಕೆನ್ನೆ, ಆ ಕೈ ನೋಡಿದರು. ತಮ್ಮ ಒರಟು ಬೆರಳನ್ನು ಗಾಜಿನ ಮೇಲೆ ಇಡಲು ಹೋಗಿ ಹಿಂದೆ ತೆಗೆದರು.

"ಟಿವೀಲಿ ಬತ್ತದಲ್ಲ, ಅದ್ರಲ್ಲಿ ಈ ಬೆಳ್ಕು ಅದಾ?"

"ಇಲ್ಲಮ್ಮ."

"ಯಾರು ತೆಗ್ದೋರು?"

ಸಾಹೇಬರು ಬೇಡ ಅಂದರು, ಕಂಪನಿಯವರು ಕೇಳಿದರು, ಏನಾದರೂ ಹೇಳಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಮೃತ್ಯುಂಜಯ, "ನಾನೇ ತೆಗೆದೆ" ಅಂದ.

ಅವರು ಬಯ್ಯುತ್ತಾರೆ ಅಂದುಕೊಂಡ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಪುಟ್ಟಲಿಂಗಮ್ಮ ಅವನ ಕಡೆ ತಿರುಗಲೇ ಇಲ್ಲ, ಅವರ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ರುದ್ರಸ್ವಾಮಿ ಬಾಗಿಲಲ್ಲಿ ಬಂದು ನಿಂತು, ಬಸ್ಸಿನ ಹೊತ್ತಾಯಿತು ಅಂತ ಮೆಲ್ಲಗೆ ನೆನಪು ಮಾಡಿದ. ಮೃತ್ಯುಂಜಯ ಮುಚ್ಚಲು ಮೌಸಿಗೆ ಕೈ ಚಾಚಿದ.

"ಆರಿಸ್ಬ್ಯಾಡ ಕಣಪ್ಪ," ಅಂದರು ಪುಟ್ಟಲಿಂಗಮ್ಮ. "ಇನ್ನೊಂದ್ ಗಳಿಗೆ ಇರ್ಲಿ."

ಮೃತ್ಯುಂಜಯ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಇಬ್ಬರೂ ನೋಡುತ್ತಾ ಕೂತರು.